ಅಮ್ಮನ ಟ್ರಾವೆಲ್ ಇನ್ಶೂರೆನ್ಸ್ ಹಾಳೆಯಲ್ಲಿ 'ಡಿಡಕ್ಟಿಬಲ್' ಅಂದ್ರೆ ಏನು?

ಪ್ರಶ್ನೆ: ಅಮ್ಮ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ, ಜರ್ಮನಿಯಲ್ಲಿರೋ ತಂಗಿ ಮನೆಗೆ. ಪಾಲಿಸಿ ಹಾಳೆಯ ಫೋಟೋ ಹಾಕಿದ್ದೀನಿ. ಎಲ್ಲಾ ಇಂಗ್ಲಿಷಲ್ಲಿದೆ. ಯಾರಾದ್ರೂ ಕನ್ನಡದಲ್ಲಿ ಹೇಳ್ತೀರಾ?

ಉತ್ತರ: ಹಾಳೆಯಲ್ಲಿ ಮೂರು ಕಾಲಂ ಇವೆ. ಎಡಗಡೆಯದು ಯಾವುದಕ್ಕೆ ರಕ್ಷಣೆ ಅಂತ. ನಡುವಿನದು ಕಂಪನಿ ಹೆಚ್ಚೆಂದರೆ ಎಷ್ಟು ಕೊಡುತ್ತದೆ ಅಂತ. ಬಲಗಡೆಯ ಡಿಡಕ್ಟಿಬಲ್ ಅಂದರೆ ಮೊದಲು ನಿಮ್ಮ ಕೈಯಿಂದ ಹೋಗುವ ಪಾಲು.

ಮೊದಲ ಸಾಲು ಆಸ್ಪತ್ರೆ ಖರ್ಚಿನದು: 50,000 ಡಾಲರ್, ಡಿಡಕ್ಟಿಬಲ್ 100. ಅಮ್ಮ ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು, ಬಿಲ್ 640 ಡಾಲರ್ ಆಯಿತು ಅಂದುಕೊಳ್ಳಿ. 100 ನಿಮ್ಮದು, 540 ಕಂಪನಿಯದು. ಬಿಲ್ ಬರೀ 90 ಆದರೆ ಪೂರ್ತಿ ನಿಮ್ಮದೇ. ಜರ್ಮನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆ ಬೇಕು, 50,000 ಡಾಲರ್ ಅದಕ್ಕೆ ಸಾಕು.

ಬ್ಯಾಗ್ ಸಾಲು ನೋಡಿ ಮೋಸ ಹೋಗಬೇಡಿ. 500 ಡಾಲರ್ ಅಂತಿದೆ, ಆದರೆ ಕೆಳಗೆ ಸಣ್ಣಕ್ಷರದಲ್ಲಿ ಒಂದು ಬ್ಯಾಗಿಗೆ ಅರ್ಧ, ಒಂದು ವಸ್ತುವಿಗೆ ಶೇಕಡ 10 ಅಂತಲೂ ಇದೆ. ಅಂದರೆ ಒಂದು ಬ್ಯಾಗ್ ಕಳೆದರೆ 250. ಅದರೊಳಗಿನ ರೇಷ್ಮೆ ಸೀರೆ ಎಷ್ಟೇ ಬೆಲೆ ಬಾಳಲಿ, ಅದಕ್ಕೆ ಸಿಗೋದು 50. ಒಡವೆ, ನಗದು ಸಾಮಾನ್ಯವಾಗಿ ಲೆಕ್ಕಕ್ಕೇ ಬರಲ್ಲ. ಅವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಅದರ ಕೆಳಗೆ 'ಬ್ಯಾಗ್ ತಡ' ಸಾಲಿನ ಡಿಡಕ್ಟಿಬಲ್ ಕಾಲಂನಲ್ಲಿ '12 ಗಂಟೆ' ಅಂತಿದೆ, ಅಲ್ವಾ? ಅಲ್ಲಿ ಕಳೆಯೋದು ದುಡ್ಡಲ್ಲ, ಸಮಯ. ಹನ್ನೊಂದು ಗಂಟೆ ತಡವಾದರೆ ಏನೂ ಇಲ್ಲ. ಹನ್ನೆರಡು ದಾಟಿದ ಮೇಲೆ ಅಗತ್ಯಕ್ಕೆ ಕೊಂಡ ಬಟ್ಟೆ, ಬ್ರಷ್ಷಿಗೆ ರಸೀದಿ ತೋರಿಸಿದರೆ ಕೊಡುತ್ತಾರೆ. ನನ್ನ ಬ್ಯಾಗ್ ಒಮ್ಮೆ ಎರಡು ದಿನ ಬರಲಿಲ್ಲ. ಆದರೂ ನನಗೆ ಸಿಕ್ಕಿದ್ದು ಸೊನ್ನೆ. ವಿಮಾನ ನಿಲ್ದಾಣದಿಂದ ಹೊರಬೀಳೋ ಮುಂಚೆ ಏರ್‌ಲೈನ್ ಕೌಂಟರಿನಲ್ಲಿ ದೂರು ಬರೆಸಿ ಆ ಚೀಟಿ ಪಡೆಯಬೇಕಿತ್ತು, ನಾನು ಸುಮ್ನೆ ಟ್ಯಾಕ್ಸಿ ಹತ್ತಿಬಿಟ್ಟಿದ್ದೆ.

ಇನ್ನು ಕೊನೆಯ ಪ್ಯಾರಾ, ಯಾವುದಕ್ಕೆ ಕೊಡಲ್ಲ ಅನ್ನೋದು. ಕುಡಿದು ಆದ ಅಪಘಾತ, ಸಾಹಸ ಕ್ರೀಡೆ ಇವೆಲ್ಲ ಅಮ್ಮನಿಗೆ ಬೇಡ. ಬೇಕಾದ್ದು 'ಮೊದಲೇ ಇದ್ದ ಕಾಯಿಲೆ' ಅನ್ನೋ ಸಾಲು. ಅಮ್ಮನಿಗೆ ಬಿಪಿ, ಶುಗರ್ ಇದೆಯಾ? ಇದ್ದರೆ ಅದರಿಂದ ಬಂದ ತೊಂದರೆಗೆ ಕಂಪನಿ ಇಲ್ಲ ಅನ್ನಬಹುದು. ಪಾಲಿಸಿ ಮಾಡಿಸುವಾಗ ಫಾರ್ಮಿನಲ್ಲಿ ಕಾಯಿಲೆ ಬರೆದಿದ್ದಾರಾ ಅಂತ ನೋಡಿ. ಏಜೆಂಟರು ಎಷ್ಟೋ ಸಲ ಕೇಳದೇ 'ಇಲ್ಲ' ಅಂತ ಟಿಕ್ ಹಾಕಿಬಿಡುತ್ತಾರೆ. ಹಾಗಾಗಿದ್ದರೆ ಹೊರಡುವ ಮುಂಚೆಯೇ ಇಮೇಲ್ ಮಾಡಿ ತಿದ್ದಿಸಿ.

ಈ ಸಾಲಿನ ಪಕ್ಕ ಒಂದು ನಕ್ಷತ್ರದ ಗುರುತಿದೆ. ಪ್ರಾಣಕ್ಕೆ ಅಪಾಯ ಬಂದಾಗ ಮಾತ್ರ ಕೊಡುವ ವಿನಾಯಿತಿ ಇದ್ದರೆ, ಎಷ್ಟು ಅಂತ ಹೇಳೋದು ಅಡಿಯ ಟಿಪ್ಪಣಿಯೇ. ಅದರ ಮೇಲೆ ನಿಮ್ಮ ಹೆಬ್ಬೆರಳು ಬಂದಿದೆ. ಆ ಮೂಲೆಯ ಫೋಟೋ ಇನ್ನೊಮ್ಮೆ ತೆಗೆದು ಹಾಕಿ, ಅದನ್ನೂ ಓದಿ ಹೇಳುತ್ತೇನೆ.