ಮೊದಲೇ ಹಾಕಿಸಿದ್ದರೂ ಕಚ್ಚಿದ ಮೇಲೆ ಎರಡು ಡೋಸ್ ಬೇಕು

"ಮನೆಯಲ್ಲಿ ನಾಯಿ ಇದೆ. ಆರು ವರ್ಷದ ಮಗಳಿಗೆ ಮೊದಲೇ ರೇಬಿಸ್ ಲಸಿಕೆ ಹಾಕಿಸಿದರೆ, ಕಚ್ಚಿದಾಗ ಮತ್ತೆ ಬೇಕಾ?"

ಬೇಕು, ಆದರೆ ಕಡಿಮೆ. ಈಗ ಹಾಕಿಸುವುದು ಮೂರು ಡೋಸ್: ಮೊದಲ ದಿನ, 7ನೇ ದಿನ, ಮತ್ತೆ 21 ಅಥವಾ 28ನೇ ದಿನ. ಈ ವಯಸ್ಸಿಗೆ ತೋಳಿನ ಮೇಲ್ಭಾಗಕ್ಕೇ ಚುಚ್ಚಬೇಕು. ಪೃಷ್ಠಕ್ಕೆ ಕೊಟ್ಟರೆ ಕೊಬ್ಬಿನಲ್ಲಿ ಉಳಿದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಮುಂದೆ ಬೀದಿನಾಯಿ ಕೈಗೆ ಕಚ್ಚಿ ರಕ್ತ ಬಂತು ಅಂದುಕೊಳ್ಳಿ. ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಲೇಬೇಡಿ. ಅಂದೇ ಒಂದು ಡೋಸ್, 3ನೇ ದಿನ ಇನ್ನೊಂದು. ಇಷ್ಟು ಸಾಕು.

ಲಸಿಕೆ ಆಗಿರದ ಮಗುವಿಗಾದರೆ ತೋಳಿಗೆ ಐದು ಡೋಸ್ ಬೇಕಾಗುತ್ತದೆ, ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಔಷಧಿ ಚುಚ್ಚಬೇಕು. ಬೆರಳಿನಂಥ ಕಡೆ ಅದು ತುಂಬಾ ನೋವು, ಎಲ್ಲ ಊರಿನಲ್ಲೂ ಸಿಗುವುದೂ ಇಲ್ಲ. ನನ್ನ ಪ್ರಕಾರ ಮೊದಲೇ ಹಾಕಿಸುವುದರ ದೊಡ್ಡ ಲಾಭ ಇದನ್ನು ತಪ್ಪಿಸುವುದೇ. ಹಾಗಾಗಿ ಲಸಿಕೆ ಕಾರ್ಡಿನಲ್ಲಿ ಮೂರೂ ದಿನಾಂಕ ಬರೆಸಿ, ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ದಾಖಲೆ ಇಲ್ಲದಿದ್ದರೆ ಅಥವಾ ಡೋಸ್ ಅರ್ಧಕ್ಕೆ ನಿಂತಿದ್ದರೆ, ವೈದ್ಯರು ಲಸಿಕೆಯೇ ಆಗಿಲ್ಲವೆಂದು ಪೂರ್ತಿ ಚಿಕಿತ್ಸೆ ಕೊಡುತ್ತಾರೆ.

ಮೊದಲೇ ಲಸಿಕೆ ಆದ ಮಗುವಿಗೆ ಮನೆ ನಾಯಿಯೇ ಪರಚಿದರೂ ಇದೇ ಕ್ರಮ: ತೊಳೆದು, ಎರಡು ಡೋಸ್. ನಾಯಿಗೆ ಲಸಿಕೆ ಆಗಿದೆ ಎಂದು ಕಾಯಬೇಡಿ.