ನಿವೃತ್ತಿಯ ನಂತರ: ತೊಡಗಿಕೊಳ್ಳುವುದೋ, ಹಿಂದೆ ಸರಿಯುವುದೋ?

“ಚಟುವಟಿಕೆ ಸಿದ್ಧಾಂತ, ವಿಮುಖತಾ ಸಿದ್ಧಾಂತ – ಇಂದಿನ ನಿವೃತ್ತರಿಗೆ ಯಾವುದು ಹೆಚ್ಚು ಹೊಂದುತ್ತದೆ?”

ಮೊದಲನೆಯದೇ, ಅಂದರೆ ವಯಸ್ಸಾದ ಮೇಲೂ ತೊಡಗಿಕೊಂಡಿರುವವರೇ ಹೆಚ್ಚು ತೃಪ್ತರು ಎನ್ನುವ ಚಟುವಟಿಕೆ ಸಿದ್ಧಾಂತವೇ ಎಂಬುದು ನನ್ನ ಅಭಿಪ್ರಾಯ, ಆದರೆ ‘ಚಟುವಟಿಕೆ’ ಎಂಬ ಮಾತನ್ನು ಬಿಡಿಸಿ ನೋಡಬೇಕು. ವಯಸ್ಸಾದಂತೆ ವ್ಯಕ್ತಿಯೂ ಸಮಾಜವೂ ಪರಸ್ಪರ ಹಿಂದೆ ಸರಿಯುವುದು ಸಹಜ ಮತ್ತು ಅನಿವಾರ್ಯ ಎಂಬ ವಿಮುಖತಾ ಸಿದ್ಧಾಂತವನ್ನು ಸಂಶೋಧಕರಾದ ಕಮಿಂಗ್ ಮತ್ತು ಹೆನ್ರಿ 1961ರಲ್ಲಿ ಮಂಡಿಸಿದ್ದು ಅಮೆರಿಕದ ಕ್ಯಾನ್ಸಸ್ ಸಿಟಿಯ ಅಧ್ಯಯನದ ಆಧಾರದ ಮೇಲೆ. ಅದೇ ಅಧ್ಯಯನದ ಮಾಹಿತಿಯನ್ನು ಮತ್ತೆ ಪರಿಶೀಲಿಸಿದ ಹ್ಯಾವಿಗ್‌ಹರ್ಸ್ಟ್, ನ್ಯೂಗಾರ್ಟನ್ ಮತ್ತು ಟೋಬಿನ್ ಅವರಿಗೆ, ಹೆಚ್ಚು ತೊಡಗಿಕೊಂಡವರೇ ಸಾಮಾನ್ಯವಾಗಿ ಹೆಚ್ಚು ತೃಪ್ತರೆಂದೂ, ತಾವಾಗಿಯೇ ಹಿಂದೆ ಸರಿದು ನೆಮ್ಮದಿಯಿಂದಿದ್ದವರೂ ಕೆಲವರಿದ್ದಾರೆಂದೂ ಕಂಡುಬಂತು. ‘ಅನಿವಾರ್ಯ’ ಎಂಬ ವಾದ ಸಡಿಲವಾದದ್ದು ಇಲ್ಲಿಯೇ.

ಇನ್ನು ಎಂಥ ಚಟುವಟಿಕೆ? 1972ರಲ್ಲಿ ಲೆಮನ್, ಬೆಂಗ್ಟ್‌ಸನ್ ಮತ್ತು ಪೀಟರ್‌ಸನ್ ಇದನ್ನು ಪರೀಕ್ಷಿಸಿದಾಗ, ಬದುಕಿನ ತೃಪ್ತಿಯೊಂದಿಗೆ ಗಮನಾರ್ಹ ಸಂಬಂಧ ಕಂಡದ್ದು ಗೆಳೆಯರ ಒಡನಾಟಕ್ಕೆ ಮಾತ್ರ. ಸಂಘಸಂಸ್ಥೆಗಳ ಕೆಲಸಕ್ಕಾಗಲಿ ಒಂಟಿ ಹವ್ಯಾಸಗಳಿಗಾಗಲಿ ಅಲ್ಲ. ನಿವೃತ್ತ ಶಿಕ್ಷಕರೊಬ್ಬರು ಮೂರು ಸಮಿತಿಗಳನ್ನು ಬಿಟ್ಟು, ಪ್ರತಿ ಸಂಜೆ ಇಬ್ಬರು ಹಳೆಯ ಸಹೋದ್ಯೋಗಿಗಳೊಡನೆ ನಡೆಯಲು ಹೋಗುತ್ತಾರೆಂದುಕೊಳ್ಳಿ. ಲೆಕ್ಕಕ್ಕೆ ಅವರ ಚಟುವಟಿಕೆ ಕಡಿಮೆಯಾಗಿದೆ, ಆದರೆ ತೃಪ್ತಿ ಕೊಡುವ ಭಾಗ ಉಳಿದೇ ಇದೆ. ಅದೇ ನಡಿಗೆ ಮಂಡಿನೋವಿನಿಂದ ನಿಂತುಹೋಗಿದ್ದರೆ ಅದನ್ನು ವಿಮುಖತೆ ಎನ್ನಲಾಗದು, ಏಕೆಂದರೆ ಅಲ್ಲಿ ಅವರ ಆಯ್ಕೆಯೇ ಇಲ್ಲ. ಚಟುವಟಿಕೆ ಸಿದ್ಧಾಂತದ ನಿಜವಾದ ಕೊರತೆಯೂ ಇದೇ: ಆರೋಗ್ಯವಿರುವವರೇ ಹೆಚ್ಚು ತೊಡಗಿಕೊಳ್ಳುತ್ತಾರೆ, ಆದ್ದರಿಂದ ತೃಪ್ತಿ ಬಂದದ್ದು ಯಾವುದರಿಂದ ಎಂದು ಬೇರ್ಪಡಿಸುವುದು ಕಷ್ಟ.