ಮಗ ತೋರಾ ಓದಲ್ಲ ಅಂತಿದ್ದಾನೆ

ಪ್ರಶ್ನೆ: ನಾನು ಮೈಸೂರಿನವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಗಂಡ ಯಹೂದಿ, ನಮ್ಮದು ರಿಫಾರ್ಮ್ ಅನ್ನೋ ಉದಾರ ಪಂಥದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಮಗನಿಗೆ ಹದಿಮೂರು ತುಂಬುವಾಗ ಮಾಡುವ ಬಾರ್ ಮಿಟ್ಸ್ವಾ ಸಮಾರಂಭಕ್ಕೆ ಹನ್ನೆರಡು ವಾರ ಉಳಿದಿದೆ. ಅಂದು ಅವನು ಯಹೂದಿ ಧರ್ಮಗ್ರಂಥ ತೋರಾದ ಒಂದು ಭಾಗವನ್ನು ಹೀಬ್ರೂನಲ್ಲಿ, ಸುರುಳಿ ನೋಡಿ ರಾಗವಾಗಿ ಓದಬೇಕು. ರೆಕಾರ್ಡಿಂಗ್ ಜೊತೆ ಚೆನ್ನಾಗಿ ಹಾಡ್ತಾನೆ, ಸುರುಳಿ ನೋಡಿ ಓದು ಅಂದರೆ ತಡವರಿಸಿ ಅಳ್ತಾನೆ. 'ಕ್ಯಾನ್ಸಲ್ ಮಾಡಮ್ಮಾ' ಅಂತಾನೆ. ಇಡೀ ಭಾಗ ಅವನೇ ಓದಬೇಕು ಅನ್ನೋದು ಮಾವನ ಹಟ. ಅವರು ಕೋಷರ್ ಅನ್ನೋ ಯಹೂದಿ ಆಹಾರ ನಿಯಮ ಪಾಲಿಸುವವರು, ನನ್ನ ತವರಿನವರು ಸಸ್ಯಾಹಾರಿಗಳು. ನನಗೆ ಹೀಬ್ರೂ ಬರಲ್ಲ. ಏನು ಮಾಡಲಿ?

ಉತ್ತರ: ಮಗ ಸೋಮಾರಿಯಲ್ಲ. ತೋರಾ ಸುರುಳಿಯಲ್ಲಿ ಸ್ವರಾಕ್ಷರದ ಗುರುತೂ ಇಲ್ಲ, ರಾಗದ ಗುರುತೂ ಇಲ್ಲ. 'ಕ-ಮ-ಲ' ಅಂತ ಮೂರು ವ್ಯಂಜನ ಮಾತ್ರ ಬರೆದು, ಕಮಲವೋ ಕೋಮಲವೋ ನೀನೇ ತಿಳಿದುಕೋ ಅಂದ ಹಾಗೆ. ರೆಕಾರ್ಡಿಂಗ್ ಕೇಳಿ ಬಾಯಿಪಾಠ ಮಾಡಿದ ಹುಡುಗನ ಕಣ್ಣು ಅಕ್ಷರದ ಮೇಲೆ ಇರುವುದೇ ಇಲ್ಲ. ಪರೀಕ್ಷಿಸುವುದು ಸುಲಭ: ವಾಕ್ಯದ ನಡುವಿನಿಂದ ಶುರುಮಾಡಲು ಹೇಳಿ. ಮೊದಲಿಗೆ ಓಡಿಹೋದರೆ ಅದು ಓದಲ್ಲ, ನೆನಪು.

'ತಿಕ್ಕುನ್' ಎಂಬ ಪುಸ್ತಕ ತರಿಸಿ. ಅದರಲ್ಲಿ ಎರಡು ಕಾಲಂ: ಒಂದರಲ್ಲಿ ಎಲ್ಲ ಗುರುತುಗಳಿವೆ, ಇನ್ನೊಂದು ಸುರುಳಿಯ ಹಾಗೆ ಬೋಳು. ಅವನ ಪಾಲಿಗೆ ಒಂಬತ್ತು ವಾಕ್ಯ ಸಾಕು, ವಾರಕ್ಕೊಂದು. ಮೊದಲೆರಡು ದಿನ ರಾಗವಿಲ್ಲದೆ ಸುಮ್ನೆ ಓದಲಿ. ಮುಂದಿನೆರಡು ದಿನ ಗುರುತು ನೋಡಿ ರಾಗ. ಆಮೇಲೆ ಗುರುತಿನ ಕಾಲಂ ಮೇಲೆ ಕಾಗದ ಮುಚ್ಚಿ, ಬೋಳು ಕಾಲಂನಲ್ಲಿ ಪೆನ್ಸಿಲ್ ಓಡಿಸುತ್ತಾ ಓದಲಿ. ಪೆನ್ಸಿಲ್ ಹಿಂದೆ ಉಳಿದು ಬಾಯಿ ಮುಂದೆ ಹೋದರೆ ನಿಲ್ಲಿಸಿ. ಇದನ್ನು ಗಮನಿಸಲು ನಿಮಗೆ ಹೀಬ್ರೂ ಬೇಕಿಲ್ಲ ಅಲ್ವಾ? ಆ ದಿನ ಪೆನ್ಸಿಲ್ ಜಾಗದಲ್ಲಿ 'ಯಾದ್' ಎಂಬ ಬೆಳ್ಳಿ ಕಡ್ಡಿ ಇರುತ್ತದೆ. ಉಳಿದ ಮೂರು ವಾರ ಎಲ್ಲವನ್ನೂ ಜೋಡಿಸಿ ಓದುವುದಕ್ಕೆ. ದನಿ ಒಡೆಯುತ್ತಿದ್ದರೆ ಶ್ರುತಿ ಇಳಿಸಿ.

ಅಂದು ಪಕ್ಕದಲ್ಲೇ ನಿಂತವರು ತಪ್ಪು ತಿದ್ದುತ್ತಾರೆ, ಹಿರಿಯರಿಗೂ ತಿದ್ದುತ್ತಾರೆ. ಇದನ್ನು ಮಗನಿಗೆ ಈಗಲೇ ಹೇಳಿ. ಹದಿಮೂರು ತುಂಬಿದರೆ ಅವನು ಬಾರ್ ಮಿಟ್ಸ್ವಾ ಆದಂತೆಯೇ, ಸಮಾರಂಭ ಇರಲಿ ಬಿಡಲಿ. ಇಡೀ ಭಾಗ ಓದಲೇಬೇಕೆಂಬ ನಿಯಮವೂ ಇಲ್ಲ. ಮಾವನಿಗೆ ಒಂದು 'ಅಲಿಯಾ' ಕೊಡಿಸಿ, ಅಂದರೆ ಓದಿನ ಹಿಂದೆ ಮುಂದೆ ಪ್ರಾರ್ಥನೆ ಹೇಳುವ ಗೌರವ. ಮೊಮ್ಮಗನ ಪಕ್ಕ ನಿಂತ ಮೇಲೆ ಅವರ ಹಟ ಕರಗೀತು.

ಊಟದ ತೊಡಕು ನಿಮ್ಮ ಮನೆಯ ಸಸ್ಯಾಹಾರದಿಂದಲೇ ಬಹುಪಾಲು ಬಿಡುತ್ತದೆ. ಕೋಷರ್ ಊಟದಲ್ಲಿ ಹಾಲು, ಮಾಂಸ ಬೆರೆಯಬಾರದು. ಮಾಂಸವೇ ಇಲ್ಲದಿದ್ದರೆ ತುಪ್ಪ ಹಾಕಿದ ಬಿಸಿಬೇಳೆಬಾತ್, ಮೊಸರನ್ನ ಎರಡೂ ಬಡಿಸಬಹುದು. ಆದರೆ ಚೀಸ್, ದ್ರಾಕ್ಷಾರಸಕ್ಕೆ ಕೋಷರ್ ಮುದ್ರೆ ಇರಲಿ, ಸೊಪ್ಪಿನಲ್ಲಿ ಹುಳ ಇಲ್ಲವೆಂದು ನೋಡಿರಬೇಕು. ಮನೆಯಲ್ಲಿ ಮಾಡಿದ್ದನ್ನು ಒಳಗೆ ಬಿಡದ ಸಿನಗಾಗ್‌ಗಳೂ ಇವೆ, ಅಡುಗೆಯವರಿಗೆ ಮುಂಗಡ ಕೊಡುವ ಮೊದಲೇ ಕೇಳಿ. ಊಟ ಶುರುವಾಗುವುದು ದ್ರಾಕ್ಷಾರಸ ಮತ್ತು 'ಹಲ್ಲಾ' ಬ್ರೆಡ್ಡಿನ ಪ್ರಾರ್ಥನೆಯಿಂದ. ಕೋಸಂಬರಿ ಆಮೇಲೆ.

ಸಿನಗಾಗ್‌ನ ಧರ್ಮಗುರು ರಬ್ಬಿಯನ್ನು ಕೇಳಲು ಇನ್ನೊಂದಿದೆ: ವೇದಿಕೆಯ ಮೇಲೆ ನಿಮ್ಮ ಜಾಗ ಎಲ್ಲಿ? ಯಹೂದಿಯಲ್ಲದ ತಾಯಿ ಏನು ಮಾಡಬಹುದು ಎಂಬುದು ಒಂದೊಂದು ಸಿನಗಾಗ್‌ನಲ್ಲಿ ಒಂದೊಂದು ಥರ. ಕೆಲವೆಡೆ ಮಗನ ಪಕ್ಕ ನಿಲ್ಲಬಹುದು, ನಾಲ್ಕು ಮಾತು ಆಡಬಹುದು. ಈ ವಾರವೇ ಕೇಳಿ, ಮಗನನ್ನೂ ಕರೆದುಕೊಂಡು ಹೋಗಿ.